ದಮ್ಮಾಮಿನ ಹುಡುಗಿ ನೀಟ್ ಎಲ್ಲಿ ಬರೆಯಬೇಕು?

2025ರ ಮೇ 4, ಭಾನುವಾರ. ಮಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀಟ್ ಪರೀಕ್ಷೆ ಶುರುವಾದಾಗ ರಿಯಾದ್‌ನಲ್ಲಿ ಬೆಳಗಿನ ಹನ್ನೊಂದೂವರೆ. ದುಬೈಯಲ್ಲಿ ಹನ್ನೆರಡೂವರೆ, ನೈಜೀರಿಯಾದ ಲಾಗೋಸ್‌ನಲ್ಲಿ ಒಂಬತ್ತೂವರೆ, ಸಿಂಗಪುರದಲ್ಲಿ ಸಂಜೆ ನಾಲ್ಕೂವರೆ. ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುತ್ತಿದ್ದರೂ ಮಕ್ಕಳು ಪ್ರಶ್ನೆಪತ್ರಿಕೆ ಬಿಚ್ಚಿದ್ದು ಒಂದೇ ಗಳಿಗೆಯಲ್ಲಿ. ಆ ವರ್ಷ ಭಾರತದ ಐನೂರಕ್ಕೂ ಹೆಚ್ಚು ಊರುಗಳ ಜೊತೆಗೆ ಹೊರದೇಶದ 14 ನಗರಗಳಲ್ಲೂ ನೀಟ್ ನಡೆಯಿತು.

ಗಲ್ಫ್‌ನಲ್ಲಿ ಮಕ್ಕಳನ್ನು ಓದಿಸುತ್ತಿರುವ ಉಡುಪಿ, ಮಂಗಳೂರು, ಭಟ್ಕಳದ ಕುಟುಂಬಗಳಿಗೆ ಈ 14 ನಗರಗಳ ಪಟ್ಟಿ ಬಹಳ ದೊಡ್ಡ ವಿಷಯ. ಹನ್ನೆರಡನೇ ತರಗತಿಯ ಮಗುವನ್ನು ಮೂರು ಗಂಟೆಯ ಪರೀಕ್ಷೆಗಾಗಿ ವಿಮಾನ ಹತ್ತಿಸಬೇಕೋ ಬೇಡವೋ ಎಂಬುದು ಈ ಪಟ್ಟಿಯ ಮೇಲೆ ನಿಂತಿದೆ. ಆದರೆ ಪಟ್ಟಿಯಲ್ಲಿ ಹತ್ತಿರದ ಊರಿನ ಹೆಸರು ಕಂಡ ಮಾತ್ರಕ್ಕೆ ತೀರ್ಮಾನ ಸುಲಭವಾಗುವುದಿಲ್ಲ. ಶುಲ್ಕ ಐದು ಪಟ್ಟಿಗಿಂತ ಹೆಚ್ಚು, ದಾಖಲೆಗಳ ನಿಯಮ ಬೇರೆ. ಕೆಲವೊಮ್ಮೆ ಗಡಿ ದಾಟಿ ಹೋಗುವುದಕ್ಕಿಂತ ಊರಿಗೆ ಬರುವುದೇ ಮೇಲು.

ಈ ಸೌಲಭ್ಯ ಹಳೆಯದೇನಲ್ಲ. ಎಂಜಿನಿಯರಿಂಗ್ ಸೇರಲು ಬರೆಯುವ ಜೆಇಇ ಮೇನ್‌ಗೆ ಹೊರದೇಶದ ಕೇಂದ್ರಗಳು ಮೊದಲಿನಿಂದ ಇದ್ದವು. ಅದು ಕಂಪ್ಯೂಟರ್‌ನಲ್ಲಿ, ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುವ ಪರೀಕ್ಷೆ. ನೀಟ್ ಹಾಗಲ್ಲ. ಅದು ಕಾಗದದ ಮೇಲಿನ ಪರೀಕ್ಷೆ, ಒಂದೇ ದಿನ, ಒಂದೇ ಹೊತ್ತಿಗೆ ನಡೆಯಬೇಕು. ಮೊಹರು ಹಾಕಿದ ಪ್ರಶ್ನೆಪತ್ರಿಕೆಗಳ ಪೆಟ್ಟಿಗೆ ಇನ್ನೊಂದು ದೇಶಕ್ಕೆ ಭದ್ರವಾಗಿ ಹೋಗಬೇಕು, ಉತ್ತರ ಪತ್ರಿಕೆಗಳು ಅಷ್ಟೇ ಭದ್ರವಾಗಿ ಮರಳಬೇಕು. ಒಂದು ದೇಶದಲ್ಲಿ ಎರಡು ತಾಸು ಮೊದಲೇ ಪತ್ರಿಕೆ ಬಿಚ್ಚಿದರೂ ಇಡೀ ಪರೀಕ್ಷೆಗೆ ಅಪಾಯ. ರಿಯಾದ್‌ನ ವಿದ್ಯಾರ್ಥಿಗೆ ಹನ್ನೊಂದೂವರೆಗೇ ಪರೀಕ್ಷೆ ಇಡುವುದು ಇದೇ ಕಾರಣಕ್ಕೆ.

2020ರಲ್ಲಿ ಕೊರೊನಾದಿಂದ ವಿಮಾನಗಳು ನಿಂತಾಗ ಗಲ್ಫ್‌ನ ಪೋಷಕರ ಸಂಕಟ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. ಹೊರದೇಶದಲ್ಲಿ ಕೇಂದ್ರ ತೆರೆಯಿರಿ, ಇಲ್ಲವೇ ಪರೀಕ್ಷೆ ಮುಂದೂಡಿ ಎಂಬುದು ಅವರ ಬೇಡಿಕೆ. ಆ ವರ್ಷದ ಆಗಸ್ಟ್‌ನಲ್ಲಿ ಕೋರ್ಟು ಒಪ್ಪಲಿಲ್ಲ. ವಂದೇ ಭಾರತ್ ವಿಮಾನಗಳಲ್ಲಿ ವಿದ್ಯಾರ್ಥಿಗಳಿಗೆ ಬರಲು ಅವಕಾಶ ಮಾಡಿಕೊಡಿ ಎಂದಷ್ಟೇ ಹೇಳಿತು. ಮಕ್ಕಳು ಬಂದರು, ಸೆಪ್ಟೆಂಬರ್ 13ರಂದು ಪರೀಕ್ಷೆ ಬರೆದರು. ಮರುವರ್ಷ, 2021ರಲ್ಲಿ, ನೀಟ್ ಮೊದಲ ಬಾರಿಗೆ ದೇಶದ ಗಡಿ ದಾಟಿತು. ಮೊದಲು ಕುವೈತ್, ಆಮೇಲೆ ದುಬೈ. ಕುವೈತ್‌ನಲ್ಲಿ ಪರೀಕ್ಷೆ ನಡೆದದ್ದು ಭಾರತೀಯ ರಾಯಭಾರ ಕಚೇರಿಯ ಆವರಣದಲ್ಲೇ. 2022ರಲ್ಲಿ ನಗರಗಳ ಸಂಖ್ಯೆ ಹದಿನಾಲ್ಕಕ್ಕೆ ಏರಿತು.

ಇನ್ನೇನು ಗಟ್ಟಿಯಾಯಿತು ಅನ್ನುವಾಗ 2024ರ ಫೆಬ್ರವರಿಯಲ್ಲಿ ಪೋಷಕರ ಎದೆ ಮತ್ತೆ ಧಸಕ್ಕೆಂದಿತು. ಅರ್ಜಿ ತೆರೆದಾಗ ಪಟ್ಟಿಯಲ್ಲಿ ಹೊರದೇಶದ ಒಂದು ಊರೂ ಇರಲಿಲ್ಲ. ಹತ್ತು ದಿನಗಳ ಗೊಂದಲದ ನಂತರ ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, 12 ದೇಶಗಳ 14 ನಗರಗಳನ್ನು ಪ್ರಕಟಿಸಿತು: ಅಬುಧಾಬಿ, ದುಬೈ, ಶಾರ್ಜಾ, ಕುವೈತ್ ಸಿಟಿ, ದೋಹಾ, ಮನಾಮ, ಮಸ್ಕತ್, ರಿಯಾದ್, ಕೊಲಂಬೊ, ಕಠ್ಮಂಡು, ಬ್ಯಾಂಕಾಕ್, ಕೌಲಾಲಂಪುರ, ಸಿಂಗಪುರ, ಲಾಗೋಸ್. ಅಷ್ಟರೊಳಗೆ ಭಾರತದ ಕೇಂದ್ರ ಆರಿಸಿ ಹಣ ಕಟ್ಟಿದ್ದವರು ತಿದ್ದುಪಡಿಯ ದಿನಗಳಲ್ಲಿ ನಗರ ಬದಲಿಸಿ, ಉಳಿಕೆ ಶುಲ್ಕ ತುಂಬಬಹುದು ಎಂದಿತು. ಹಿಂದಿನ ವರ್ಷ ಇದ್ದ ಕೇಂದ್ರ ಈ ವರ್ಷವೂ ಇರುತ್ತದೆ ಎಂದು ಯಾರೂ ನೆಚ್ಚಿಕೊಳ್ಳುವಂತಿಲ್ಲ. ಪಟ್ಟಿ ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಅರ್ಜಿಯ ಜೊತೆಗೆ ಬರುವ ಮಾಹಿತಿ ಪುಸ್ತಿಕೆಯಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ತೊಡಕು ಕಣ್ಣಿಗೆ ಕಾಣುತ್ತದೆ. ಸೌದಿ ಅರೇಬಿಯಾದಂಥ ವಿಶಾಲ ದೇಶಕ್ಕೆ ಒಂದೇ ಕೇಂದ್ರ. ಜೆದ್ದಾದಲ್ಲಿರುವವರಿಗೆ ರಿಯಾದ್ ರಸ್ತೆಯಲ್ಲಿ ಸುಮಾರು 950 ಕಿಲೋಮೀಟರ್. ಒಮಾನ್‌ನ ಸಲಾಲದಿಂದ ಮಸ್ಕತ್‌ಗೆ ಹೆಚ್ಚುಕಡಿಮೆ ಸಾವಿರ. ಬ್ರಿಟನ್, ಅಮೆರಿಕದಲ್ಲಿ ನೀಟ್ ಕೇಂದ್ರವೇ ಇಲ್ಲ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಊರು ಉಡುಪಿ, ಮನೆ ಸೌದಿಯ ದಮ್ಮಾಮ್. ಮಗಳು ಅಲ್ಲಿನ ಭಾರತೀಯ ಶಾಲೆಯಲ್ಲಿ ಸಿಬಿಎಸ್‌ಇ ಹನ್ನೆರಡನೇ ತರಗತಿ ಓದುತ್ತಿದ್ದಾಳೆ. 2025ರ ದಿನಾಂಕಗಳನ್ನೇ ಇಟ್ಟುಕೊಂಡರೆ ಅರ್ಜಿ ಫೆಬ್ರವರಿ 7ರಿಂದ ಮಾರ್ಚ್ 7ರವರೆಗೆ, ಪರೀಕ್ಷೆ ಮೇ 4ಕ್ಕೆ. ಅವರ ಮುಂದೆ ಮೂರು ದಾರಿ: ರಿಯಾದ್, ಮನಾಮ, ಉಡುಪಿ.

ನಕ್ಷೆ ನೋಡಿದ ಯಾರಾದರೂ ಮನಾಮ ಅನ್ನುತ್ತಾರೆ. ಸಮುದ್ರದ ಮೇಲೆ ಸೌದಿ ಮತ್ತು ಬಹ್ರೇನನ್ನು ಬೆಸೆಯುವ ಕಿಂಗ್ ಫಹದ್ ಸೇತುವೆಯ ಉದ್ದ 25 ಕಿಲೋಮೀಟರ್. ದಮ್ಮಾಮಿನಿಂದ ಕಾರಿನಲ್ಲಿ ಹೊರಟರೆ, ಗಡಿಯಲ್ಲಿ ತಡೆ ಇಲ್ಲದಿದ್ದರೆ, ಒಂದೂವರೆ ತಾಸಿನಲ್ಲಿ ಮನಾಮ ಸಿಗುತ್ತದೆ. ತೊಡಕಿರುವುದು ಆ ಗಡಿಯಲ್ಲೇ. ಮಗಳಿಗೂ ಜೊತೆಗೆ ಹೋಗುವವರಿಗೂ ಸೌದಿಯಿಂದ ಹೊರಹೋಗಿ ಮರಳಿ ಬರುವ ವೀಸಾ ಬೇಕು, ಬಹ್ರೇನಿನ ಪ್ರವೇಶ ವೀಸಾ ಬೇಕು. ಸೇತುವೆಯ ಮೇಲೆ ವಾಹನ ಸಾಲು ಬೆಳೆದರೆ ತಾಸುಗಟ್ಟಲೆ ಕಾಯಬೇಕು. ಪರೀಕ್ಷೆಯ ದಿನ ಬೆಳಗ್ಗೆ ಹೊರಡುವುದು ಜೂಜಾಡಿದಂತೆ. ಹಿಂದಿನ ದಿನವೇ ದಾಟಿ ರಾತ್ರಿ ಅಲ್ಲಿ ಉಳಿಯಬೇಕು.

ರಿಯಾದ್ 400 ಕಿಲೋಮೀಟರ್ ದೂರ. ಆದರೆ ದೇಶದ ಒಳಗೇ ಇದೆ, ವೀಸಾದ ಮಾತಿಲ್ಲ. ದಮ್ಮಾಮಿನಿಂದ ರಿಯಾದ್‌ಗೆ ರೈಲಿದೆ, ನಾಲ್ಕು ತಾಸಿನ ಆಸುಪಾಸು. ಶನಿವಾರ ಹೊರಟು ರಾತ್ರಿ ಹೋಟೆಲಿನಲ್ಲಿ ತಂಗಿ, ಭಾನುವಾರ ಪರೀಕ್ಷೆ ಮುಗಿಸಿ ಮರಳಬಹುದು. ಇಲ್ಲಿ ಇನ್ನೊಂದು ಸಂಗತಿಯಿದೆ. ನೀಟ್ ಇಡುವುದು ಭಾರತದ ರಜಾದಿನವಾದ ಭಾನುವಾರ. ಸೌದಿ, ಕುವೈತ್, ಒಮಾನ್, ಕತಾರ್, ಬಹ್ರೇನ್‌ಗಳಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ವಾರದ ಮೊದಲ ಕೆಲಸದ ದಿನ. ಅಪ್ಪನಿಗೆ ರಜೆ ಹಾಕಬೇಕು, ರಸ್ತೆಯಲ್ಲಿ ಕಚೇರಿ ಹೊತ್ತಿನ ದಟ್ಟಣೆ ಇರುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾತ್ರ 2022ರಿಂದ ಶನಿವಾರ, ಭಾನುವಾರ ರಜೆಯಾದ್ದರಿಂದ ದುಬೈ, ಶಾರ್ಜಾದವರಿಗೆ ಈ ತೊಂದರೆಯಿಲ್ಲ.

ಮೂರನೆಯದು ಉಡುಪಿ. ಶುಲ್ಕ ಕಡಿಮೆ, ಅಜ್ಜಿಯ ಮನೆ, ಊಟದ ಚಿಂತೆಯಿಲ್ಲ. ಆದರೆ ಹೋಗಿಬರುವ ವಿಮಾನದ ಖರ್ಚು ಮತ್ತು ಓದಿನ ಕೊನೆಯ ದಿನಗಳಲ್ಲಿ ಪ್ರಯಾಣದ ದಣಿವು. ಹಾಗಿದ್ದೂ ಎರಡು ಬಗೆಯ ವಿದ್ಯಾರ್ಥಿಗಳಿಗೆ ಇದೇ ಸರಿಯಾದ ದಾರಿ. ಕರ್ನಾಟಕದ ಸಿಇಟಿ ಬರೆಯುವ ಅರ್ಹತೆ ಮತ್ತು ಆಸೆ ಎರಡೂ ಇರುವವರು ಹೇಗೂ ರಾಜ್ಯಕ್ಕೆ ಬರಲೇಬೇಕು, ಆ ಪರೀಕ್ಷೆ ಹೊರದೇಶದಲ್ಲಿ ನಡೆಯುವುದಿಲ್ಲ. 2025ರಲ್ಲಿ ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ ಇತ್ತು. ಮುಗಿಸಿ ಎರಡು ವಾರ ಊರಲ್ಲೇ ಕುಳಿತು ಓದಿದರೆ ನೀಟ್ ಕೂಡ ಇಲ್ಲೇ ಆಗುತ್ತದೆ. ಇನ್ನೊಂದು ಬಗೆ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬಯಸುವವರದು. ಇಂಗ್ಲಿಷ್ ಜೊತೆಗೆ ಕನ್ನಡವಿರುವ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ.

ನಮ್ಮ ದಮ್ಮಾಮಿನ ಹುಡುಗಿಗೆ ಸಿಇಟಿಯ ಗೊಡವೆ ಇಲ್ಲ, ಓದಿದ್ದು ಇಂಗ್ಲಿಷಿನಲ್ಲಿ. ಅವಳಿಗೆ ರಿಯಾದ್ ಹೊಂದುತ್ತದೆ.

ಈಗ ದುಡ್ಡಿನ ಲೆಕ್ಕ. 2025ರಲ್ಲಿ ಭಾರತದೊಳಗೆ ನೀಟ್ ಬರೆಯಲು ಸಾಮಾನ್ಯ ವರ್ಗದವರಿಗೆ 1,700 ರೂಪಾಯಿ, ಇತರೆ ಹಿಂದುಳಿದ ವರ್ಗ ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ 1,600, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 1,000. ಹೊರದೇಶದ ಕೇಂದ್ರ ಆರಿಸಿದರೆ ಎಲ್ಲರಿಗೂ ಒಂದೇ ದರ: 9,500 ರೂಪಾಯಿ. ಜಿಎಸ್‌ಟಿ ಮತ್ತು ಬ್ಯಾಂಕಿನ ಸೇವಾ ಶುಲ್ಕ ಇದರ ಮೇಲೆ. 2022ರಲ್ಲಿ ಇದು 8,500 ಇತ್ತು. ಈ ಶುಲ್ಕ ವಿದ್ಯಾರ್ಥಿ ಎಲ್ಲಿ ವಾಸಿಸುತ್ತಾರೆ ಎಂಬುದನ್ನು ನೋಡುವುದಿಲ್ಲ, ಎಲ್ಲಿ ಕುಳಿತು ಬರೆಯುತ್ತಾರೆ ಎಂಬುದನ್ನು ನೋಡುತ್ತದೆ. ದಮ್ಮಾಮಿನಲ್ಲೇ ಬೆಳೆದ ಹುಡುಗಿ ಉಡುಪಿ ಆರಿಸಿದರೆ 1,700, ರಿಯಾದ್ ಆರಿಸಿದರೆ 9,500. ಹೆಚ್ಚುವರಿ 7,800 ರೂಪಾಯಿಯನ್ನು ಮಗಳು ಮತ್ತು ಜೊತೆಗೊಬ್ಬರು ಊರಿಗೆ ಹೋಗಿಬರುವ ವಿಮಾನ ಟಿಕೆಟಿನ ಪಕ್ಕದಲ್ಲಿಟ್ಟರೆ ರಿಯಾದ್ ದುಬಾರಿ ಅನಿಸುವುದಿಲ್ಲ. ಆದರೆ ಗಲ್ಫ್‌ನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸಾವಿರದ ಜಾಗದಲ್ಲಿ ಒಂಬತ್ತೂವರೆ ಸಾವಿರ. ಊರಲ್ಲಿ ಸಿಗುವ ರಿಯಾಯಿತಿ ಗಡಿ ದಾಟಿದೊಡನೆ ಪೂರ್ತಿ ಇಲ್ಲವಾಗುವುದು ನ್ಯಾಯವಲ್ಲ. ಜೆಇಇ ಮೇನ್‌ನಲ್ಲಿ ಹೀಗಿಲ್ಲ. ಅಲ್ಲಿ 2025ರಲ್ಲಿ ಹೊರದೇಶದ ಕೇಂದ್ರಕ್ಕೆ ಸಾಮಾನ್ಯ ವರ್ಗದ ಹುಡುಗರಿಗೆ 5,000, ಹುಡುಗಿಯರಿಗೆ 4,000, ಪರಿಶಿಷ್ಟರಿಗೆ 2,500 ರೂಪಾಯಿ ಇತ್ತು. ಒಂದೇ ಸಂಸ್ಥೆ ನಡೆಸುವ ಎರಡು ಪರೀಕ್ಷೆಗಳಲ್ಲಿ ಎರಡು ನೀತಿ ಯಾಕಿರಬೇಕು ಎಂದು ಕೇಳುವ ಹಕ್ಕು ಪೋಷಕರಿಗಿದೆ.

ಹಣ ಕಟ್ಟುವಾಗಲೂ ಒಂದು ಎಚ್ಚರ ಬೇಕು. ಖಾತೆಯಿಂದ ದುಡ್ಡು ಹೋದ ಮಾತ್ರಕ್ಕೆ ಅರ್ಜಿ ಮುಗಿಯಿತು ಎಂದಲ್ಲ. ಅರ್ಜಿ ಪೂರ್ಣವಾದುದಕ್ಕೆ ಗುರುತು ದೃಢೀಕರಣ ಪುಟ. ಅದು ಪರದೆಯ ಮೇಲೆ ಬಂದು, ಇಳಿಸಿಕೊಂಡು, ಅದರಲ್ಲಿ ಆರಿಸಿದ ನಗರದ ಹೆಸರು ಸರಿಯಿದೆಯೇ ಎಂದು ಓದಿ ನೋಡಬೇಕು. ಹಣ ಹೋಗಿ ಪುಟ ಬಾರದಿದ್ದರೆ ಅರ್ಜಿ ಅರ್ಧಕ್ಕೆ ನಿಂತಿದೆ ಎಂದೇ ಅರ್ಥ. ಕೊನೆಯ ದಿನ ರಾತ್ರಿ ಕಟ್ಟಲು ಕುಳಿತವರಿಗೆ ಬ್ಯಾಂಕಿನೊಡನೆ ವ್ಯವಹರಿಸಲು ಹೊತ್ತೇ ಉಳಿಯುವುದಿಲ್ಲ.

ನಿಜವಾದ ತಲೆನೋವು ಕಾಗದಪತ್ರಗಳದ್ದು. ಊರಿನ ವಿದ್ಯಾರ್ಥಿ ಕೊಡುವ ಭಾವಚಿತ್ರ, ಸಹಿ, ಎರಡೂ ಕೈ ಬೆರಳುಗಳ ಗುರುತು, ಹತ್ತನೇ ತರಗತಿ ಪ್ರಮಾಣಪತ್ರ ಇವುಗಳ ಜೊತೆಗೆ ಅನಿವಾಸಿಯಾಗಿ ಅರ್ಜಿ ಹಾಕುವವರು ಪೌರತ್ವದ ದಾಖಲೆಯನ್ನೂ ಏರಿಸಬೇಕು. ಅದು ರಾಯಭಾರ ಕಚೇರಿಯ ಪ್ರಮಾಣಪತ್ರವೇ ಆಗಬೇಕೆಂದಿಲ್ಲ, ಪೌರತ್ವ ತೋರಿಸುವ ಯಾವುದೇ ದಾಖಲೆ ಆಗುತ್ತದೆ. ಭಾರತೀಯ ಪಾಸ್‌ಪೋರ್ಟ್ ಇದ್ದರೆ ಸಾಕು. ಕಡತ ಪಿಡಿಎಫ್ ಆಗಿರಬೇಕು, 50ರಿಂದ 300 ಕೆಬಿ ಒಳಗಿರಬೇಕು. ಮೊಬೈಲಿನಲ್ಲಿ ತೆಗೆದ ಪಾಸ್‌ಪೋರ್ಟಿನ ಚಿತ್ರ ಹಲವು ಎಂಬಿ ಇರುತ್ತದೆ. ಅದನ್ನು ಕುಗ್ಗಿಸುವಾಗ ಸಂಖ್ಯೆ ಓದಲು ಬಾರದಷ್ಟು ಮಸುಕಾದರೆ ಏರಿಸಿಯೂ ಪ್ರಯೋಜನವಿಲ್ಲ. ಮುಖದ ಪುಟ, ವಿಳಾಸದ ಪುಟ ಎರಡನ್ನೂ ಸ್ಕ್ಯಾನ್ ಮಾಡಿಸಿ, ಕುಗ್ಗಿಸಿದ ಮೇಲೆ ಮತ್ತೆ ತೆರೆದು ಓದಿ ನೋಡುವುದು ಐದು ನಿಮಿಷದ ಕೆಲಸ.

ಪಾಸ್‌ಪೋರ್ಟ್‌ನ ವಿಷಯದಲ್ಲಿ ಹಲವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಮಕ್ಕಳಿಗೆ ಕೊಡುವ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ಹನ್ನೆರಡು, ಹದಿಮೂರರಲ್ಲಿ ಮಾಡಿಸಿದ ಪಾಸ್‌ಪೋರ್ಟ್ ಸರಿಯಾಗಿ ನೀಟ್ ಬರೆಯುವ ವರ್ಷವೇ ಮುಗಿಯುತ್ತದೆ. ಹೊರದೇಶದ ಕೇಂದ್ರದಲ್ಲಿ ತೋರಿಸುವ ಗುರುತಿನ ದಾಖಲೆ ಮುಖ್ಯವಾಗಿ ಅದೇ, ಅದೂ ಮೂಲ ಪ್ರತಿ, ಚಾಲ್ತಿಯಲ್ಲಿರುವುದು. ಮೊಬೈಲಿನಲ್ಲಿನ ಚಿತ್ರ ನಡೆಯುವುದಿಲ್ಲ. ಅರ್ಜಿ ತುಂಬುವಾಗ ಹಳೆಯ ಸಂಖ್ಯೆ ಕೊಟ್ಟು, ಏಪ್ರಿಲ್‌ನಲ್ಲಿ ನವೀಕರಿಸಿದರೆ ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ ಬರುತ್ತದೆ. ಆಗ ಹಳೆಯ, ರದ್ದಾದ ಪುಸ್ತಕವನ್ನೂ ಜೊತೆಗೆ ಒಯ್ಯುವುದು ಜಾಣತನ. ಫೆಬ್ರವರಿಗೆ ಮುಂಚೆಯೇ ನವೀಕರಿಸಿದರೆ ಈ ಪೇಚೇ ಇಲ್ಲ.

ಆಮೇಲೆ ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಅಥವಾ ಹಿಂದೆ ಒಂದಕ್ಷರ ಇರುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ‘ಕೆ’ ಎಂದಿದ್ದದ್ದು ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಊರಿನ ಹೆಸರೋ ಅಪ್ಪನ ಹೆಸರೋ ಆಗಿ, ಅದೂ ಉಪನಾಮದ ಸಾಲಿನಲ್ಲಿ ಕುಳಿತಿರುತ್ತದೆ. ನೀಟ್ ಅರ್ಜಿಗೆ ಆಧಾರ ಹತ್ತನೇ ತರಗತಿಯ ದಾಖಲೆ. ಬಾಗಿಲಲ್ಲಿ ತೋರಿಸುವುದು ಪಾಸ್‌ಪೋರ್ಟ್. ಎರಡೂ ಬೇರೆಯಾಗಿದ್ದರೆ ಪರೀಕ್ಷೆ ತಪ್ಪದಿದ್ದರೂ ಮುಂದೆ ಕೌನ್ಸೆಲಿಂಗ್‌ನಲ್ಲಿ ಪ್ರಶ್ನೆ ಬರುತ್ತದೆ. ಹೆಸರನ್ನು ಒಂದೇ ರೀತಿ ಮಾಡಿಸಿಕೊಳ್ಳಲು ಸರಿಯಾದ ಹೊತ್ತು ಒಂಬತ್ತನೇ ತರಗತಿ. ಆಗ ಶಾಲೆಯವರು ಬೋರ್ಡಿಗೆ ನೋಂದಣಿ ಮಾಡಿಸುತ್ತಾರೆ, ಪಾಸ್‌ಪೋರ್ಟ್ ನೋಡಿ ಅದರಂತೆಯೇ ಬರೆಸಬಹುದು.

ಇನ್ನು ಒಂದು ತಪ್ಪು ತಿಳಿವಳಿಕೆ ಬಲವಾಗಿ ಹಬ್ಬಿದೆ. ಹೊರದೇಶದ ಕೇಂದ್ರದಲ್ಲಿ ಬರೆದರೆ ಅನಿವಾಸಿ ಕೋಟಾದ ಸೀಟು ಸಿಗುತ್ತದೆ, ಊರಲ್ಲಿ ಬರೆದರೆ ಆ ಹಕ್ಕು ಹೋಗುತ್ತದೆ ಎಂಬುದು. ಎರಡೂ ಸುಳ್ಳು. ಕೇಂದ್ರ ಅಂದರೆ ಕುಳಿತು ಬರೆಯುವ ಜಾಗ, ಅಷ್ಟೇ. ಖಾಸಗಿ ಮತ್ತು ಡೀಮ್ಡ್ ವೈದ್ಯಕೀಯ ಕಾಲೇಜುಗಳಲ್ಲಿ ಶೇಕಡ 15ರವರೆಗೆ ಇರುವ ಅನಿವಾಸಿ ಸೀಟುಗಳಿಗೆ ಬೇಕಾದದ್ದು ಬೇರೆ ಕಟ್ಟು: ಹೊರದೇಶದಲ್ಲಿರುವ ತಂದೆ ಅಥವಾ ತಾಯಿಯ ಪಾಸ್‌ಪೋರ್ಟ್ ಪ್ರತಿ, ಅವರು ಅನಿವಾಸಿ ಎಂದು ರಾಯಭಾರ ಕಚೇರಿ ಕೊಡುವ ಪತ್ರ, ಓದಿನ ಖರ್ಚು ಭರಿಸುತ್ತೇವೆ ಎಂಬ ಪ್ರಮಾಣಪತ್ರ, ಎನ್‌ಆರ್‌ಇ ಖಾತೆಯ ವಿವರ. ಇವನ್ನು ಕೇಳುವುದು ಎನ್‌ಟಿಎ ಅಲ್ಲ, ಫಲಿತಾಂಶದ ನಂತರ ಸೀಟು ಹಂಚುವವರು. ಮಣಿಪಾಲ, ದೇರಳಕಟ್ಟೆ, ಮೈಸೂರು, ಬೆಳಗಾವಿಯ ಡೀಮ್ಡ್ ಕಾಲೇಜುಗಳಿಗೆ ಕೇಂದ್ರದ ಕೌನ್ಸೆಲಿಂಗ್ ಸಮಿತಿ, ರಾಜ್ಯದ ಖಾಸಗಿ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ದಾಖಲೆ ಸಲ್ಲಿಸಲು ಸಿಗುವುದು ಕೆಲವೇ ದಿನ. ಪತ್ರಕ್ಕಾಗಿ ಆಮೇಲೆ ರಾಯಭಾರ ಕಚೇರಿಗೆ ಓಡುವುದಕ್ಕಿಂತ ಮೇ ತಿಂಗಳಲ್ಲೇ ಅರ್ಜಿ ಹಾಕಿಡುವುದು ಒಳ್ಳೆಯದು. ದೂರದ ಸಂಬಂಧಿಕರನ್ನು ತೋರಿಸಿ ಈ ಸೀಟು ಪಡೆಯುವ ದಾರಿಯನ್ನು ಪಂಜಾಬ್ ಸರ್ಕಾರ ತೆರೆಯಲು ಹೊರಟಾಗ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಂಚನೆ ಎಂದೇ ಕರೆದು ತಡೆಯಿತು.

ಪಾಸ್‌ಪೋರ್ಟ್ ಭಾರತದ್ದಲ್ಲ, ಒಸಿಐ ಕಾರ್ಡ್ ಇದೆ ಎನ್ನುವವರು ಕಾರ್ಡಿನ ಮೇಲಿನ ದಿನಾಂಕ ನೋಡಬೇಕು. 2021ರ ಮಾರ್ಚ್ 4ರ ಸರ್ಕಾರಿ ಆದೇಶ ಒಸಿಐ ವಿದ್ಯಾರ್ಥಿಗಳನ್ನು ಅನಿವಾಸಿಗಳ ಸಾಲಿಗೆ ಸೇರಿಸಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಆ ದಿನಕ್ಕೆ ಮೊದಲು ಕಾರ್ಡ್ ಪಡೆದವರಿಗೆ ಈ ಆದೇಶ ಅನ್ವಯಿಸದು, ಅವರು ಭಾರತೀಯರಂತೆಯೇ ಸಾಮಾನ್ಯ ಸೀಟಿಗೆ ಸ್ಪರ್ಧಿಸಬಹುದು ಎಂದು ತೀರ್ಪು ಕೊಟ್ಟಿತು.

ದಮ್ಮಾಮಿನ ಮನೆಗೆ ಮರಳೋಣ. ಮಾರ್ಚ್‌ನಲ್ಲಿ ಅರ್ಜಿ ಹೋಯಿತು, ರಿಯಾದ್ ಮೊದಲ ಆಯ್ಕೆ. ಆದ್ಯತೆ ಕೊಡುವುದು ವಿದ್ಯಾರ್ಥಿ, ಕೇಂದ್ರ ಕೊಡುವುದು ಎನ್‌ಟಿಎ. 2025ರಲ್ಲಿ ಯಾವ ನಗರ ಎಂಬ ಚೀಟಿ ಬಂದದ್ದು ಏಪ್ರಿಲ್ 23ಕ್ಕೆ, ಅಂದರೆ ಪರೀಕ್ಷೆಗೆ ಹನ್ನೊಂದು ದಿನ ಮೊದಲು. ಯಾವ ಶಾಲೆ ಎಂದು ತಿಳಿಸುವ ಪ್ರವೇಶ ಪತ್ರ ಬಂದದ್ದು ಏಪ್ರಿಲ್ 30ಕ್ಕೆ, ನಾಲ್ಕೇ ದಿನ ಮೊದಲು. ಸ್ವಂತ ದೇಶದೊಳಗೆ ರೈಲು ಹತ್ತುವವರಿಗೆ ಹನ್ನೊಂದು ದಿನ ಸಾಕು. ವೀಸಾ ತೆಗೆದುಕೊಂಡು ಇನ್ನೊಂದು ದೇಶಕ್ಕೆ ಹೋಗಬೇಕಾದವರಿಗೆ ಅದು ಬಲು ಬಿಗಿ. ಮನಾಮವನ್ನು ಬಿಟ್ಟದ್ದು ಸರಿಯಾಯಿತು ಎಂದು ಈ ಮನೆಯವರಿಗೆ ಅನಿಸುವುದು ಆಗಲೇ.

ಪ್ರವೇಶ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಸಮಯದ ಸಾಲು. ಪುಸ್ತಿಕೆ ಹೇಳುವುದು ಭಾರತೀಯ ಕಾಲಮಾನ. ಬಾಗಿಲು ಮುಚ್ಚುವುದು ಭಾರತದ ಒಂದೂವರೆಗೆ, ಅಂದರೆ ರಿಯಾದ್‌ನ ಹನ್ನೊಂದಕ್ಕೆ. ಅಲ್ಲಿಂದಾಚೆ ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಪ್ರವೇಶ ಪತ್ರದ ಜೊತೆಗಿನ ನಮೂನೆಗೆ ಅಂಚೆಕಾರ್ಡ್ ಅಳತೆಯ ಭಾವಚಿತ್ರ ಅಂಟಿಸಬೇಕು, ಹಾಜರಿ ಹಾಳೆಗೆ ಪಾಸ್‌ಪೋರ್ಟ್ ಅಳತೆಯದು ಇನ್ನೊಂದು. ಇವನ್ನು ಫೆಬ್ರವರಿಯಲ್ಲಿ ಅರ್ಜಿಗೆ ತೆಗೆಸಿದ ದಿನವೇ ಪ್ರತಿ ತೆಗೆಸಿಟ್ಟರೆ ಚಿಂತೆಯಿಲ್ಲ. ಉಡುಪಿಗೂ ರಿಯಾದ್‌ಗೂ ಬಟ್ಟೆಯ ನಿಯಮ ಒಂದೇ: ತೆಳುವಾದ ಉಡುಪು, ಅರ್ಧ ತೋಳು, ಬೂಟಿನ ಬದಲು ಚಪ್ಪಲಿ. ಮೈತುಂಬ ಮುಚ್ಚುವ ಸಾಂಪ್ರದಾಯಿಕ ಉಡುಪು ಧರಿಸುವವರು ತಪಾಸಣೆಗೆಂದು ಮುಂಚಿತವಾಗಿ ಹೋಗಬೇಕು.

ಹತ್ತು ಗಂಟೆಗೆ ಹುಡುಗಿ ಶಾಲೆಯ ಬಾಗಿಲು ದಾಟುತ್ತಾಳೆ, ಕೈಯಲ್ಲಿ ಪ್ರವೇಶ ಪತ್ರ, ಪಾಸ್‌ಪೋರ್ಟ್, ಭಾವಚಿತ್ರ, ಪಾರದರ್ಶಕ ಬಾಟಲಿಯಲ್ಲಿ ನೀರು. ಮುಗಿಯುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ. ಕೆಲಸಕ್ಕೆ ರಜೆ ಹಾಕಿ ಬಂದ ಅಪ್ಪ ಹೊರಗಿನ ನೆರಳಿನಲ್ಲಿ ಎರಡೂವರೆಯವರೆಗೆ ಕಾಯುತ್ತಾನೆ. ಆಗ ಉಡುಪಿಯಲ್ಲಿ ಗಂಟೆ ಐದು. ಪರೀಕ್ಷೆ ಹೇಗಾಯಿತು ಎಂದು ಕೇಳಲು ಅಜ್ಜಿ ಅಲ್ಲಿಂದ ಫೋನ್ ಮಾಡುತ್ತಾಳೆ.